ಶಾಲೆಯಿಂದ ಬಂದ ಬಿಎಂಐ ಪತ್ರ: ಪೋಷಕರು ಓದುವುದು ಹೇಗೆ?

ವರ್ಷಕ್ಕೊಮ್ಮೆ ಶಾಲೆಯಲ್ಲಿ ಮಕ್ಕಳ ತೂಕ ಮತ್ತು ಎತ್ತರ ಅಳೆಯುತ್ತಾರೆ. ಕೆಲವು ದಿನಗಳ ನಂತರ ಮಗುವಿನ ಬ್ಯಾಗಿನಲ್ಲಿ ಒಂದು ಪತ್ರ ಬರುತ್ತದೆ. ಅದರಲ್ಲಿ ‘ಬಿಎಂಐ 18.9, ಅಧಿಕ ತೂಕ’ ಎಂದೋ ‘ಬಿಎಂಐ 14.2, ತೆಳ್ಳಗಿದೆ’ ಎಂದೋ ಬರೆದಿರುತ್ತದೆ. ಮುಂಬಯಿಯ ಅನೇಕ ಕನ್ನಡ ಮನೆಗಳಿಗೆ ಈ ಪತ್ರ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಬರುತ್ತದೆ. ಮರಾಠಿ ಪತ್ರದಲ್ಲಿ ‘ವಜನ್’ ಎಂದರೆ ತೂಕ, ‘ಉಂಚೀ’ ಎಂದರೆ ಎತ್ತರ, ‘ವಯ’ ಎಂದರೆ ವಯಸ್ಸು, ‘ಲಠ್ಠಪಣಾ’ ಎಂದರೆ ಬೊಜ್ಜು. ಪದಗಳ ಅರ್ಥ ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಈ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬೇಕು, ಈಗ ಏನು ಮಾಡಬೇಕು?

ಈ ಲೇಖನದಲ್ಲಿ ಶಾಲಾ ಆರೋಗ್ಯ ಶಿಕ್ಷಕಿಯೊಬ್ಬರು ಬರೆಯಬಹುದಾದ ಮಾದರಿ ಪತ್ರವೊಂದನ್ನು ಕೊಟ್ಟು, ಅದರ ಒಂದೊಂದು ಭಾಗವನ್ನೂ ವಿವರಿಸಲಾಗಿದೆ. ಪತ್ರದಲ್ಲಿರುವ ಮಗು ಉದಾಹರಣೆಗಾಗಿ ಕಲ್ಪಿಸಿಕೊಂಡದ್ದು. ಅಂಕಿಗಳನ್ನು ಹೋಲಿಸಲು ಬಳಸಿರುವ ಮಿತಿಗಳು ವಿಶ್ವ ಆರೋಗ್ಯ ಸಂಸ್ಥೆಯ 2007ರ ಪಟ್ಟಿಯವು.

ಮಾದರಿ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ವಾರ ನಮ್ಮ ಶಾಲೆಯಲ್ಲಿ ವಾರ್ಷಿಕ ಆರೋಗ್ಯ ತಪಾಸಣೆ ನಡೆಯಿತು. ಐದನೇ ತರಗತಿಯಲ್ಲಿ ಓದುತ್ತಿರುವ ನಿಮ್ಮ ಮಗನ ಅಳತೆಗಳು ಹೀಗಿವೆ:

- ವಯಸ್ಸು: 10 ವರ್ಷ 0 ತಿಂಗಳು
- ಎತ್ತರ: 134 ಸೆಂ.ಮೀ. (ಕಳೆದ ವರ್ಷ 129)
- ತೂಕ: 34 ಕೆ.ಜಿ. (ಕಳೆದ ವರ್ಷ 29)
- ಬಿಎಂಐ: 18.9 (ಕಳೆದ ವರ್ಷ 17.4)
- ವಯಸ್ಸಿಗೆ ಹೋಲಿಸಿದಾಗ: ಅಧಿಕ ತೂಕ (ಕಳೆದ ವರ್ಷ ಸಾಮಾನ್ಯ)

ಇದು ರೋಗದ ಹೆಸರಲ್ಲ, ನಿಮ್ಮ ಮಗನ ಪರೀಕ್ಷೆಯ ಅಂಕವೂ ಅಲ್ಲ. ಇನ್ನೊಮ್ಮೆ ನೋಡಬೇಕಾದ ಮಕ್ಕಳು ಯಾರು ಎಂದು ಗುರುತಿಸಲು ಮಾಡುವ ಮೊದಲ ಜರಡಿ ಮಾತ್ರ. ಒಂದೇ ದಿನದಲ್ಲಿ ಬಹಳ ಮಕ್ಕಳನ್ನು ಅಳೆದಿದ್ದೇವೆ, ಆದ್ದರಿಂದ ಅಳತೆಯಲ್ಲಿ ಸಣ್ಣ ತಪ್ಪು ಆಗಿರಲೂಬಹುದು. ಮಗನ ಜನ್ಮದಿನಾಂಕ ಸರಿಯಾಗಿದೆಯೇ ನೋಡಿ. ಬೇಕಾದರೆ ಮುಂದಿನ ಎರಡು ವಾರಗಳಲ್ಲಿ ಯಾವ ದಿನವಾದರೂ ಬನ್ನಿ, ನಿಮ್ಮ ಎದುರೇ ಮತ್ತೊಮ್ಮೆ ಅಳೆಯುತ್ತೇನೆ.

ಈ ಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ಕಳುಹಿಸಿದ್ದೇನೆ. ತರಗತಿಯಲ್ಲಿ ಯಾರ ಅಂಕಿಯನ್ನೂ ಓದಿ ಹೇಳಿಲ್ಲ. ಮನೆಯಲ್ಲಿಯೂ ಅಣ್ಣತಮ್ಮಂದಿರ ಮುಂದೆ, ನೆಂಟರ ಮುಂದೆ ಇದನ್ನು ಮಾತಿಗೆ ತೆಗೆಯಬೇಡಿ. ಮಗನ ಊಟ ಕಡಿಮೆ ಮಾಡಬೇಡಿ. ಪತ್ರವನ್ನು ಜೋಪಾನವಾಗಿ ಇಡಿ, ಮುಂದಿನ ವರ್ಷದ ಪತ್ರದ ಜೊತೆ ಇಟ್ಟು ನೋಡಿದಾಗಲೇ ಇದರ ಅರ್ಥ ಪೂರ್ತಿಯಾಗುತ್ತದೆ.

ಇಂತಿ,
ಶಾಲಾ ಆರೋಗ್ಯ ಶಿಕ್ಷಕಿ

ಬಿಎಂಐ ಲೆಕ್ಕ

ಬಿಎಂಐ ಎಂದರೆ ದೇಹ ದ್ರವ್ಯರಾಶಿ ಸೂಚ್ಯಂಕ. ತೂಕವನ್ನು ಕಿಲೋಗ್ರಾಂನಲ್ಲಿ, ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಳ್ಳಬೇಕು. ಎತ್ತರವನ್ನು ಎತ್ತರದಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ತೂಕವನ್ನು ಭಾಗಿಸಬೇಕು. ಪತ್ರದ ಹುಡುಗನ ಎತ್ತರ 1.34 ಮೀಟರ್. 1.34 × 1.34 = 1.7956. ಈಗ 34 ÷ 1.7956 = 18.9. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ನೀವೇ ಇದನ್ನು ಮಾಡಿ ನೋಡಬಹುದು. ಪತ್ರದ ಲೆಕ್ಕ ಸರಿಯಿದೆಯೇ ಎಂದು ತಿಳಿಯಲು ಇದು ಮೊದಲ ಹೆಜ್ಜೆ.

ದೊಡ್ಡವರ ಮಿತಿ ಮಕ್ಕಳಿಗೆ ಏಕೆ ಹೊಂದುವುದಿಲ್ಲ?

ದೊಡ್ಡವರಲ್ಲಿ ಬಿಎಂಐ 18.5ಕ್ಕಿಂತ ಕಡಿಮೆ ಇದ್ದರೆ ತೂಕ ಕಡಿಮೆ ಎನ್ನುತ್ತಾರೆ. ಆ ಲೆಕ್ಕದಲ್ಲಿ 18.9 ಇರುವ ಹುಡುಗ ಸಣಕಲು ಎನ್ನುವುದಕ್ಕೆ ಹತ್ತಿರ ಇದ್ದಾನೆ. ಹಾಗಿದ್ದರೂ ಪತ್ರ ಅವನನ್ನು ಅಧಿಕ ತೂಕದವನೆಂದು ಹೇಳುತ್ತದೆ. ಎಷ್ಟೋ ಪೋಷಕರು ‘ಪತ್ರವೇ ತಪ್ಪು’ ಎಂದು ಪಕ್ಕಕ್ಕೆ ಇಡುವುದು ಇಲ್ಲಿಯೇ.

ಬೆಳೆಯುವ ಮಕ್ಕಳ ಬಿಎಂಐ ಒಂದೇ ಕಡೆ ನಿಲ್ಲುವುದಿಲ್ಲ. ಹುಟ್ಟಿದ ಮೊದಲ ವರ್ಷದಲ್ಲಿ ಅದು ಏರುತ್ತದೆ, ಆಮೇಲೆ ಮಗು ನಡೆದಾಡಿ ಉದ್ದವಾಗುತ್ತಾ ಐದಾರು ವರ್ಷದ ಹೊತ್ತಿಗೆ ಇಳಿಯುತ್ತದೆ, ಮತ್ತೆ ನಿಧಾನವಾಗಿ ಏರಲು ಶುರುವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಹುಡುಗರ ಸಾಲಿನ ಸರಿ ಮಧ್ಯದ ಬಿಎಂಐ 6 ವರ್ಷಕ್ಕೆ 15.3, 10 ವರ್ಷಕ್ಕೆ 16.4, 14 ವರ್ಷಕ್ಕೆ 19.0. ಆದ್ದರಿಂದ 18.9 ಎಂಬ ಒಂದೇ ಅಂಕಿ 14ರ ಹುಡುಗನಿಗೆ ಸರಿ ಮಧ್ಯದ್ದು, 10ರ ಹುಡುಗನಿಗೆ ಹೆಚ್ಚಿನದು. ಹೆಣ್ಣುಮಕ್ಕಳ ಸಾಲು ಬೇರೆ, ಗಂಡುಮಕ್ಕಳ ಸಾಲು ಬೇರೆ. ಇದಕ್ಕಾಗಿಯೇ ಪತ್ರದಲ್ಲಿ ‘ವಯಸ್ಸಿಗೆ ಹೋಲಿಸಿದಾಗ’ ಎಂಬ ಮಾತು ಇರಬೇಕು.

ಆಯಾ ವಯಸ್ಸು ಸರಿಯಾಗಿ ತುಂಬಿದ ದಿನಕ್ಕೆ ಈ ಪಟ್ಟಿಯ ಮಿತಿಗಳು ಹೀಗಿವೆ:

| ವಯಸ್ಸು | ಇದಕ್ಕಿಂತ ಕಡಿಮೆ: ತೆಳ್ಳಗೆ | ಮಧ್ಯದ ಅಂಕಿ | ಇದಕ್ಕಿಂತ ಹೆಚ್ಚು: ಅಧಿಕ ತೂಕ | ಇದಕ್ಕಿಂತ ಹೆಚ್ಚು: ಬೊಜ್ಜು |
|---|---|---|---|---|
| ಹುಡುಗ, 8 | 13.3 | 15.7 | 17.4 | 19.7 |
| ಹುಡುಗ, 10 | 13.7 | 16.4 | 18.5 | 21.4 |
| ಹುಡುಗ, 12 | 14.5 | 17.5 | 19.9 | 23.6 |
| ಹುಡುಗಿ, 8 | 12.9 | 15.7 | 17.7 | 20.6 |
| ಹುಡುಗಿ, 10 | 13.5 | 16.6 | 19.0 | 22.6 |
| ಹುಡುಗಿ, 12 | 14.4 | 18.0 | 20.8 | 25.0 |

ಪತ್ರದಲ್ಲಿ ‘ಎಸ್‌ಡಿ’ ಎಂಬ ಪದ ಇದ್ದರೆ ಗಾಬರಿ ಬೇಡ. ಒಂದೇ ವಯಸ್ಸಿನ ನೂರು ಮಕ್ಕಳನ್ನು ಕಡಿಮೆ ಬಿಎಂಐಯಿಂದ ಹೆಚ್ಚಿನದಕ್ಕೆ ಸಾಲಾಗಿ ನಿಲ್ಲಿಸಿದ್ದೇವೆ ಎಂದುಕೊಳ್ಳಿ. ಸಾಲಿನ ಶುರುವಿನ ಸುಮಾರು ಇಬ್ಬರು ‘ಮೈನಸ್ 2 ಎಸ್‌ಡಿ’ಗಿಂತ ಕೆಳಗಿನವರು, ಅವರನ್ನು ತೆಳ್ಳಗಿನವರು ಎನ್ನುತ್ತಾರೆ. ಸುಮಾರು 84ನೆಯ ಮಗುವಿನ ನಂತರದವರು ‘ಪ್ಲಸ್ 1 ಎಸ್‌ಡಿ’ ದಾಟಿದವರು, ಅವರದು ಅಧಿಕ ತೂಕ. ಕೊನೆಯ ಇಬ್ಬರು ‘ಪ್ಲಸ್ 2 ಎಸ್‌ಡಿ’ ದಾಟಿದವರು, ಅವರದು ಬೊಜ್ಜು. ಈ ನೂರು ಮಕ್ಕಳು ನಿಮ್ಮ ಮಗುವಿನ ತರಗತಿಯವರಲ್ಲ, ಪಟ್ಟಿ ಮಾಡಲು ಆರಿಸಿಕೊಂಡ ಮಕ್ಕಳು. ಹಾಗಾಗಿ ಒಂದು ತರಗತಿಯಲ್ಲಿ ಹತ್ತು ಮಕ್ಕಳು ತೆಳ್ಳಗಿನವರ ಗುಂಪಿಗೆ ಬರುವುದೂ ಸಾಧ್ಯ.

ಭಾರತೀಯ ಮಕ್ಕಳ ವೈದ್ಯರ ಸಂಘ 5ರಿಂದ 18 ವರ್ಷದವರಿಗಾಗಿ 2015ರಲ್ಲಿ ತನ್ನದೇ ಪಟ್ಟಿ ಹೊರತಂದಿದೆ. ದೊಡ್ಡವರಾದಾಗ ಬಿಎಂಐ 23 ಮತ್ತು 27ಕ್ಕೆ ಹೋಗಿ ಸೇರುವ ಎರಡು ಗೆರೆಗಳನ್ನು ಅದು ಅಧಿಕ ತೂಕಕ್ಕೂ ಬೊಜ್ಜಿಗೂ ಬಳಸುತ್ತದೆ. ನಮ್ಮ ಕಡೆಯ ಜನರಲ್ಲಿ ಕಡಿಮೆ ಬಿಎಂಐಗೇ ಸಕ್ಕರೆ ಕಾಯಿಲೆಯ ಅಪಾಯ ಶುರುವಾಗುವುದು ಇದಕ್ಕೆ ಕಾರಣ. ಎರಡು ಪಟ್ಟಿಗಳ ಗೆರೆಗಳು ಎಲ್ಲ ವಯಸ್ಸಿನಲ್ಲೂ ಒಂದೇ ಜಾಗದಲ್ಲಿ ಇರುವುದಿಲ್ಲ. ಶಾಲೆ ಒಂದು ಮಾತು, ಡಾಕ್ಟರು ಇನ್ನೊಂದು ಮಾತು ಹೇಳಿದರೆ, ಇಬ್ಬರೂ ಯಾವ ಪಟ್ಟಿ ನೋಡಿದ್ದಾರೆ ಎಂದು ಮೊದಲು ಕೇಳಿ.

ಎರಡು ಸೆಂಟಿಮೀಟರ್ ಮಾಡುವ ವ್ಯತ್ಯಾಸ

ಪತ್ರದ ಹುಡುಗನ ತಂದೆತಾಯಿ ಶಾಲೆಗೆ ಹೋಗಿ ಮತ್ತೆ ಅಳೆಸಿದರು ಎಂದುಕೊಳ್ಳೋಣ. ಮೊದಲ ಸಲ ಹುಡುಗ ಮಂಡಿ ಸ್ವಲ್ಪ ಬಗ್ಗಿಸಿ, ತಲೆ ತಗ್ಗಿಸಿ ನಿಂತಿದ್ದ. ಈ ಸಲ ನೆಟ್ಟಗೆ ನಿಲ್ಲಿಸಿದಾಗ ಎತ್ತರ 136 ಸೆಂ.ಮೀ. ಬಂತು. ತೂಕ ಅದೇ 34 ಕೆ.ಜಿ. ಈಗ 1.36 × 1.36 = 1.8496, ಬಿಎಂಐ 18.4. ಹತ್ತು ವರ್ಷದ ಹುಡುಗನ ಮಿತಿ 18.5. ಎರಡು ಸೆಂಟಿಮೀಟರಿನಿಂದ ‘ಅಧಿಕ ತೂಕ’ ಹೋಗಿ ‘ಸಾಮಾನ್ಯ’ ಆಯಿತು.

ಎತ್ತರದ ತಪ್ಪು ತೂಕದ ತಪ್ಪಿಗಿಂತ ಹೆಚ್ಚು ಕೆಡಿಸುತ್ತದೆ, ಏಕೆಂದರೆ ಲೆಕ್ಕದಲ್ಲಿ ಎತ್ತರ ಎರಡು ಸಲ ಬರುತ್ತದೆ. ಎತ್ತರ ಸರಿಯಾಗಿ ಅಳೆಯಲು ಬೂಟು, ಕಾಲುಚೀಲ ತೆಗೆದಿರಬೇಕು. ಹಿಮ್ಮಡಿ, ಪೃಷ್ಠ, ಭುಜದ ಹಿಂಭಾಗ ಮತ್ತು ತಲೆಯ ಹಿಂಭಾಗ ಗೋಡೆಗೋ ಕಂಬಕ್ಕೋ ತಾಗಿರಬೇಕು. ಮಗು ನೇರ ಮುಂದೆ ನೋಡುತ್ತಿರಬೇಕು, ಗಲ್ಲ ಮೇಲೆತ್ತಿರಬಾರದು. ಹೆಣ್ಣುಮಕ್ಕಳ ಎರಡು ಜಡೆ, ಅಂಬಡೆ, ರಬ್ಬರ್ ಬ್ಯಾಂಡ್ ನೆತ್ತಿಯ ಮೇಲೆ ಇದ್ದರೆ ಬಿಚ್ಚಬೇಕು. ದಿನವಿಡೀ ಓಡಾಡಿದ ಮೇಲೆ ಸಂಜೆಗೆ ಎತ್ತರ ಬೆಳಗ್ಗಿಗಿಂತ ಸುಮಾರು ಒಂದು ಸೆಂ.ಮೀ. ಕಡಿಮೆ ಬರುವುದುಂಟು, ಆದ್ದರಿಂದ ಮರು ಅಳತೆಯನ್ನು ಮೊದಲ ಅಳತೆಯ ಹೊತ್ತಿಗೇ ಮಾಡಿಸುವುದು ಒಳ್ಳೆಯದು.

ಮನೆಯಲ್ಲಿ ಅಳೆಯುವುದಾದರೆ, ಕೆಳಗೆ ಸ್ಕರ್ಟಿಂಗ್ ಟೈಲ್ಸ್ ಉಬ್ಬಿರದ ಗೋಡೆ ಅಥವಾ ಬಾಗಿಲ ಚೌಕಟ್ಟನ್ನು ಆರಿಸಿ. ಗಟ್ಟಿ ರಟ್ಟಿನ ಪುಸ್ತಕವನ್ನು ನೆತ್ತಿಯ ಮೇಲೆ ಅಡ್ಡಲಾಗಿ, ಗೋಡೆಗೆ ಒತ್ತಿ ಹಿಡಿದು ಪೆನ್ಸಿಲ್ ಗುರುತು ಹಾಕಿ. ನೆಲದಿಂದ ಗುರುತಿನವರೆಗೆ ಟೇಪಿನಲ್ಲಿ ಅಳೆಯಿರಿ. ಎರಡು ಸಲ ಮಾಡಿ, ಎರಡರ ನಡುವೆ ಅರ್ಧ ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯ ಸಲ ಅಳೆಯಿರಿ. ತೂಕಕ್ಕೆ ಲೋಕಲ್ ರೈಲು ಸ್ಟೇಷನ್ನಿನ ನಾಣ್ಯ ಹಾಕುವ ಯಂತ್ರವನ್ನು ನೆಚ್ಚಬೇಡಿ. ಅಲ್ಲಿ ಬೂಟು ಹಾಕಿಕೊಂಡೇ, ಕೆಲವೊಮ್ಮೆ ಬ್ಯಾಗ್ ಹೊತ್ತುಕೊಂಡೇ ಹತ್ತಿರುತ್ತೇವೆ. ದವಾಖಾನೆಯ ಯಂತ್ರದಲ್ಲಿ, ಮುಳ್ಳು ಸೊನ್ನೆಯಲ್ಲಿದೆ ಎಂದು ನೋಡಿಕೊಂಡು, ಹಗುರ ಬಟ್ಟೆಯಲ್ಲಿ ತೂಗಿಸಿ.

ಜನ್ಮದಿನಾಂಕದ ತಪ್ಪು

ಊರಿನಲ್ಲಿ ಹುಟ್ಟಿ, ಆಮೇಲೆ ಮುಂಬಯಿಯ ಶಾಲೆಗೆ ಸೇರಿದ ಕೆಲವು ಮಕ್ಕಳ ದಾಖಲೆಯಲ್ಲಿ ಅಂದಾಜಿನ ದಿನಾಂಕ ಇರುತ್ತದೆ. ‘ಜೂನ್ 1’ ಎಂಬ ಜನ್ಮದಿನ ನಮ್ಮ ಹಿಂದಿನ ತಲೆಮಾರಿನಲ್ಲಿ ಎಷ್ಟು ಮಂದಿಗೆ ಇದೆ ಎಂದು ಎಲ್ಲರಿಗೂ ಗೊತ್ತು. ಶಾಲೆಗೆ ಸೇರಿಸಲು ಇದರಿಂದ ಅಡ್ಡಿಯಾಗದಿದ್ದರೂ ಬಿಎಂಐ ಪತ್ರದಲ್ಲಿ ಇದು ಫಲಿತಾಂಶವನ್ನೇ ಬದಲಿಸಬಹುದು.

ಅದೇ ಹುಡುಗನನ್ನೇ ನೋಡಿ. ಎತ್ತರ 134, ತೂಕ 34, ಬಿಎಂಐ 18.9 ಎಂದೇ ಇಟ್ಟುಕೊಳ್ಳೋಣ. ದಾಖಲೆಯಲ್ಲಿ 10 ವರ್ಷ ಎಂದಿದ್ದರೂ ಅವನಿಗೆ ನಿಜವಾಗಿ 11 ತುಂಬಿದ್ದರೆ, ಆ ವಯಸ್ಸಿನ ಮಿತಿ 19.2. ಅವನು ಸಾಮಾನ್ಯ ಗುಂಪಿನಲ್ಲೇ ಇದ್ದಾನೆ. ಆದರೆ 11 ವರ್ಷಕ್ಕೆ 134 ಸೆಂ.ಮೀ. ಎತ್ತರ ಸ್ವಲ್ಪ ಕಡಿಮೆಯ ಕಡೆಗೆ ವಾಲುತ್ತದೆ, ಡಾಕ್ಟರು ನೋಡಬೇಕಾದ ಪ್ರಶ್ನೆಯೇ ಬದಲಾಗುತ್ತದೆ. ದಾಖಲೆಯ ದಿನಾಂಕ ಅಂದಾಜಿನದಾಗಿದ್ದರೆ ಅದನ್ನು ಟೀಚರಿಗೂ ಡಾಕ್ಟರಿಗೂ ಬಾಯಿಬಿಟ್ಟು ಹೇಳಿ. ತಾಯಿಯ ಬಳಿ ಲಸಿಕೆ ಕಾರ್ಡ್ ಇದ್ದರೆ ನಿಜವಾದ ತಿಂಗಳು ಅದರಲ್ಲಿ ಸಿಗುತ್ತದೆ.

ಈ ವರ್ಷದ ಗುಂಪಿಗಿಂತ ಎರಡು ವರ್ಷದ ನಡಿಗೆ ಮುಖ್ಯ

ಮರು ಅಳತೆಯಲ್ಲಿ 18.4 ಬಂದು ‘ಸಾಮಾನ್ಯ’ ಆಯಿತಲ್ಲ, ಅಲ್ಲಿಗೆ ಮುಗಿಯಿತೇ? ಕಳೆದ ವರ್ಷದ ಸಾಲನ್ನು ನೋಡಿ. ಒಂಬತ್ತು ವರ್ಷಕ್ಕೆ ಅವನ ಬಿಎಂಐ 17.4, ಆಗಿನ ಮಿತಿ 17.9. ಮಿತಿಗಿಂತ 0.5 ಕೆಳಗಿದ್ದ. ಈಗ 18.4, ಮಿತಿ 18.5. ಬರೀ 0.1 ಕೆಳಗಿದ್ದಾನೆ. ಒಂದು ವರ್ಷದಲ್ಲಿ ಐದು ಕೆ.ಜಿ. ಏರಿದೆ, ಈ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ವರ್ಷಕ್ಕೆ ಸುಮಾರು ಮೂರು ಕೆ.ಜಿ. ಏರುತ್ತಾರೆ. ಗುಂಪಿನ ಹೆಸರು ಬದಲಾದರೂ ನಡಿಗೆ ಮೇಲ್ಮುಖವಾಗಿಯೇ ಇದೆ. ಗಮನಿಸಬೇಕಾದದ್ದು ಇದನ್ನು.

ಇದೇ ನಡಿಗೆ ಒಂದು ಸಮಾಧಾನವನ್ನೂ ಕೊಡುತ್ತದೆ. ಮಗು ತೂಕ ಇಳಿಸಬೇಕಾಗಿಲ್ಲ, ಎತ್ತರ ಬೆಳೆಯುತ್ತಿರುವಾಗ ತೂಕದ ಏರಿಕೆ ನಿಧಾನವಾದರೆ ಸಾಕು. ಮೊದಲ ಅಳತೆಯನ್ನೇ ಹಿಡಿಯೋಣ: 134 ಸೆಂ.ಮೀ., 34 ಕೆ.ಜಿ., 18.9. ಮುಂದಿನ ವರ್ಷಕ್ಕೆ ಅವನು 139 ಸೆಂ.ಮೀ. ಆಗಿ, ತೂಕ 35 ಕೆ.ಜಿ. ಆದರೆ, 35 ÷ (1.39 × 1.39) = 18.1. ಹನ್ನೊಂದು ವರ್ಷದ ಮಿತಿ 19.2. ಒಂದು ಗ್ರಾಂ ಕೂಡ ಇಳಿಸದೆ, ಒಂದು ಕೆ.ಜಿ. ಏರಿಯೂ, ಸಾಮಾನ್ಯ ಗುಂಪಿಗೆ ಮರಳುತ್ತಾನೆ. ಟೀಚರು ಪತ್ರದಲ್ಲಿ ‘ಊಟ ಕಡಿಮೆ ಮಾಡಬೇಡಿ’ ಎಂದು ಬರೆದದ್ದು ಇದಕ್ಕೇ. ಊಟ ಬಿಡಿಸಿದರೆ ಎತ್ತರಕ್ಕೆ ಬೇಕಾದ ಪ್ರೋಟೀನು, ಕಬ್ಬಿಣ, ಕ್ಯಾಲ್ಸಿಯಂ ಕೂಡ ಕಡಿಮೆಯಾಗುತ್ತವೆ. ಹಸಿದ ಮಗು ಶಾಲೆಯ ಹೊರಗೆ ವಡಾಪಾವ್ ತಿನ್ನುವುದು ಮಾತ್ರ ನಿಲ್ಲುವುದಿಲ್ಲ.

ಏರಿಕೆ ನಿಧಾನವಾಗಲು ಎಲ್ಲಿ ಕೈ ಹಾಕಬೇಕು? ಮೂರು ಹೊತ್ತಿನ ಊಟಕ್ಕಲ್ಲ, ಅದರ ನಡುವಿನ ತಿಂಡಿಗೆ. ಮುಂಬಯಿಯ ಬಹಳ ಶಾಲೆಗಳು ಎರಡು ಪಾಳಿಯಲ್ಲಿ ನಡೆಯುತ್ತವೆ. ಬೆಳಗಿನ ಪಾಳಿಯ ಮಗು ಏನೂ ತಿನ್ನದೆ ಹೊರಟು, ಬಿಡುವಿನಲ್ಲಿ ಪ್ಯಾಕೆಟ್ ತಿಂಡಿ ತಿನ್ನುತ್ತದೆ. ಸಂಜೆ ಟ್ಯೂಷನ್ನಿಗೆ ಹೋಗುವಾಗ ಒಂದು ತಿಂಡಿ, ಬಂದ ಮೇಲೆ ಇನ್ನೊಂದು. ಒಂದು ವಾರ ಮಗು ತಿಂದದ್ದನ್ನೂ ಕುಡಿದದ್ದನ್ನೂ ಬೈಯದೆ ಬರೆದಿಡಿ. ಎಲ್ಲಿ ಕೈ ಹಾಕಬೇಕು ಎಂಬುದು ಆ ಪಟ್ಟಿಯಲ್ಲೇ ಕಾಣುತ್ತದೆ. ಸಿಹಿ ಪಾನೀಯದ ಬದಲು ನೀರು ಅಥವಾ ಮಜ್ಜಿಗೆ, ಪ್ಯಾಕೆಟ್ ಬದಲು ಉಸಳಿ, ಹಣ್ಣು ಅಥವಾ ಒಂದು ಹಿಡಿ ಶೇಂಗಾ, ಹೊರಡುವ ಮುನ್ನ ಒಂದು ರೊಟ್ಟಿಯೋ ಎರಡು ಇಡ್ಲಿಯೋ: ಇಷ್ಟರಲ್ಲೇ ಬದಲಾವಣೆ ಶುರುವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಆಟ ಹೇಳುತ್ತದೆ. ಆಟದ ಮೈದಾನ ದೂರವಿದ್ದರೆ ಚಾಳಿನ ಅಂಗಳ, ಸೊಸೈಟಿಯ ಆವರಣ, ಹಗ್ಗ ಜಿಗಿತ, ಮೆಟ್ಟಿಲು ಹತ್ತುವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

‘ತೆಳ್ಳಗಿದೆ’ ಎಂದು ಬಂದರೆ

ಪತ್ರದ ಇನ್ನೊಂದು ತುದಿಯನ್ನೂ ನೋಡೋಣ. ಹನ್ನೆರಡು ತುಂಬಿದ ಹುಡುಗಿಯೊಬ್ಬಳ ಎತ್ತರ 148 ಸೆಂ.ಮೀ., ತೂಕ 31 ಕೆ.ಜಿ. ಬಿಎಂಐ 14.2. ಮಿತಿ 14.4, ಆದ್ದರಿಂದ ‘ತೆಳ್ಳಗಿದೆ’ ಎಂದು ಬರೆದಿದ್ದಾರೆ. ಕಳೆದ ವರ್ಷ 142 ಸೆಂ.ಮೀ., 30 ಕೆ.ಜಿ., ಬಿಎಂಐ 14.9, ಆಗ ಸಾಮಾನ್ಯ. ಒಂದು ವರ್ಷದಲ್ಲಿ ಆರು ಸೆಂ.ಮೀ. ಬೆಳೆದಿದ್ದಾಳೆ, ತೂಕ ಒಂದೇ ಕೆ.ಜಿ. ಏರಿದೆ.

‘ಈಗ ಉದ್ದ ಬೆಳೀತಿದಾಳೆ, ಆಮೇಲೆ ತುಂಬ್ಕೋತಾಳೆ’ ಎಂದು ಮನೆಯ ಹಿರಿಯರು ಹೇಳಬಹುದು. ಅದು ನಿಜವೂ ಆಗಿರಬಹುದು, ಏಕೆಂದರೆ ಈ ವಯಸ್ಸಿನಲ್ಲಿ ಹಲವು ಹೆಣ್ಣುಮಕ್ಕಳು ಬೇಗ ಎತ್ತರವಾಗುತ್ತಾರೆ. ಆದರೆ ಎತ್ತರ ಇಷ್ಟು ಏರುವ ವರ್ಷದಲ್ಲಿ ತೂಕವೂ ಹಲವು ಕೆ.ಜಿ. ಏರಬೇಕು. ಒಂದೇ ಕೆ.ಜಿ. ಏರಿದ್ದರೆ ಕಾರಣ ಹುಡುಕಬೇಕು. ಮೊದಲು ಕೇಳಬೇಕಾದ್ದು: ಎರಡು ವಾರಕ್ಕೂ ಹೆಚ್ಚು ಕೆಮ್ಮು ಅಥವಾ ಜ್ವರ ಇದೆಯೇ? ಕಳೆದ ಮೂರು ತಿಂಗಳಲ್ಲಿ ತೂಕ ಇಳಿದಿದೆಯೇ, ಏರದೆ ನಿಂತಿದೆಯೇ? ಮನೆಯಲ್ಲಿ ಅಥವಾ ಪಕ್ಕದ ಖೋಲಿಯಲ್ಲಿ ಯಾರಿಗಾದರೂ ಟಿಬಿ ಇತ್ತೇ? ಒಂದಕ್ಕೆ ಹೌದು ಎಂದಾದರೂ ಮುಂದಿನ ವರ್ಷದ ಪತ್ರಕ್ಕೆ ಕಾಯಬೇಡಿ, ಈ ವಾರವೇ ಡಾಕ್ಟರಿಗೆ ತೋರಿಸಿ. ಟಿಬಿ ಪರೀಕ್ಷೆ ಮತ್ತು ಔಷಧ ಸರಕಾರಿ ದವಾಖಾನೆಗಳಲ್ಲಿ ಉಚಿತ.

ಇದಾವುದೂ ಇಲ್ಲದಿದ್ದರೆ ರಕ್ತಹೀನತೆ, ಹೊಟ್ಟೆಹುಳು, ಊಟ ಬಿಡುವ ಅಭ್ಯಾಸ ನೋಡಬೇಕು. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನೂ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನೂ ಮಗು ನಿಜವಾಗಿ ನುಂಗುತ್ತಿದೆಯೇ ಎಂದು ಕೇಳಿ. ಸರಕಾರಿ ಮತ್ತು ಅನುದಾನಿತ ಶಾಲೆಯಲ್ಲಿ ಎಂಟನೇ ತರಗತಿಯವರೆಗೆ ಮಧ್ಯಾಹ್ನದ ಊಟವಿದೆ. ಪ್ರಾಥಮಿಕ ತರಗತಿಗೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನು, ಮೇಲಿನ ತರಗತಿಗಳಿಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನು ಅದರ ಗೊತ್ತುಪಡಿಸಿದ ಅಳತೆ. ಮಗು ಖಿಚಡಿಯನ್ನು ಬಿಟ್ಟು ಬರುತ್ತಿದ್ದರೆ ಆ ಹೊತ್ತಿನ ಊಟ ಪೂರ್ತಿ ತಪ್ಪುತ್ತದೆ. ಮನೆಯಲ್ಲಿ ದುಬಾರಿ ಪುಡಿ ಡಬ್ಬಿಗಳಿಗಿಂತ ಮೊಟ್ಟೆ, ಹಾಲು, ಬಾಳೆಹಣ್ಣು, ಶೇಂಗಾ ಚಿಕ್ಕಿ, ಅನ್ನಕ್ಕೊಂದು ಚಮಚ ತುಪ್ಪ ಹೆಚ್ಚು ಕೆಲಸ ಮಾಡುತ್ತವೆ.

ಈ ಅಂಕಿ ಹೇಳದೆ ಬಿಡುವುದು

ಬಿಎಂಐ ಕೊಬ್ಬು ಮತ್ತು ಸ್ನಾಯುವನ್ನು ಬೇರೆ ಮಾಡುವುದಿಲ್ಲ. ಕುಸ್ತಿಯೋ ಕಬಡ್ಡಿಯೋ ಆಡುವ ಗಟ್ಟಿಮುಟ್ಟಾದ ಹುಡುಗ ‘ಅಧಿಕ ತೂಕ’ಕ್ಕೆ ಬರಬಹುದು, ಸೊಂಟದ ಸುತ್ತ ಕೊಬ್ಬಿರುವ ಮಗು ‘ಸಾಮಾನ್ಯ’ದಲ್ಲಿ ಉಳಿಯಬಹುದು.

ಇನ್ನೂ ದೊಡ್ಡ ಕೊರತೆ ಕುಳ್ಳ ಬೆಳವಣಿಗೆಯದು. ಬಹುಕಾಲ ಸಾಕಷ್ಟು ಆಹಾರವಿಲ್ಲದೆ ಎತ್ತರವೂ ತೂಕವೂ ಎರಡೂ ಕಡಿಮೆಯಾದ ಮಗುವಿನ ಬಿಎಂಐ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಎರಡೂ ಒಟ್ಟಿಗೆ ಇಳಿದಿವೆ. 2016ರಿಂದ 2018ರವರೆಗೆ ದೇಶದಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ನೂರಕ್ಕೆ 22 ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಆದ್ದರಿಂದ ಪತ್ರದಲ್ಲಿ ‘ಬಿಎಂಐ ಸಾಮಾನ್ಯ’ ಎಂದಿದ್ದರೂ ‘ವಯಸ್ಸಿಗೆ ತಕ್ಕ ಎತ್ತರ ಇದೆಯೇ?’ ಎಂದು ಟೀಚರನ್ನು ಕೇಳಿ.

ಡಾಕ್ಟರನ್ನು ಯಾವಾಗ ಕಾಣಬೇಕು?

ಮರು ಅಳತೆಯಲ್ಲೂ ಬೊಜ್ಜಿನ ಮಿತಿ ದಾಟಿದ್ದರೆ, ಅಥವಾ ತೆಳ್ಳಗಿನ ಮಿತಿಗಿಂತ ಕೆಳಗಿದ್ದರೆ, ಒಂದು ತಿಂಗಳೊಳಗೆ ತೋರಿಸಿ. ‘ಅಧಿಕ ತೂಕ’ ಮಾತ್ರ ಇದ್ದರೂ ಇವುಗಳಲ್ಲಿ ಒಂದು ಕಂಡರೆ ಕಾಯಬೇಡಿ:

- ಕುತ್ತಿಗೆಯ ಹಿಂಭಾಗ ಅಥವಾ ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗೆ ಕಪ್ಪಾದ ಚರ್ಮ. ಉಜ್ಜಿದರೆ ಹೋಗುವ ಕೊಳೆ ಅಲ್ಲ ಇದು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತು ಇರಬಹುದು.
- ರಾತ್ರಿ ಜೋರು ಗೊರಕೆ, ನಡುವೆ ಉಸಿರು ನಿಂತಂತಾಗುವುದು, ಹಗಲು ತರಗತಿಯಲ್ಲಿ ತೂಕಡಿಕೆ.
- ತೂಕ ಏರುತ್ತಿದ್ದರೂ ಎತ್ತರ ನಿಂತುಹೋಗಿರುವುದು. ಹಾರ್ಮೋನಿನ ತೊಂದರೆ ಇದೆಯೇ ಎಂದು ನೋಡಬೇಕಾಗುತ್ತದೆ.
- ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು. ಇದ್ದರೆ ಅದೇ ದಿನ ತೋರಿಸಿ.
- ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆ ಇರುವುದು.

ಮುಂಬಯಿಯಲ್ಲಿ ಮೊದಲು ಹತ್ತಿರದ ಪಾಲಿಕೆ ದವಾಖಾನೆಗೆ ಅಥವಾ ಆಪಲಾ ದವಾಖಾನೆಗೆ ಹೋಗಬಹುದು. ಅಲ್ಲಿಂದ ಪರೇಲಿನ ಕೆಇಎಂ, ಸಯನ್, ನಾಯರ್, ಕೂಪರ್ ಆಸ್ಪತ್ರೆಗಳ ಮಕ್ಕಳ ವಿಭಾಗಕ್ಕೆ ಚೀಟಿ ಕೊಡುತ್ತಾರೆ. ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆಯೂ ಇದೆ. ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳ ತಪಾಸಣೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿಯಲ್ಲೂ ನಡೆಯುತ್ತದೆ. ಈ ಯೋಜನೆ 2013ರ ಫೆಬ್ರವರಿ 6ರಂದು ಮುಂಬಯಿಯಿಂದ ದೂರವಲ್ಲದ ಪಾಲ್ಘರಿನಲ್ಲೇ ಶುರುವಾಯಿತು. ತಪಾಸಣೆಯಲ್ಲಿ ಗುರುತಿಸಿದ ತೊಂದರೆಗೆ ಮುಂದಿನ ಚಿಕಿತ್ಸೆಯನ್ನು ಉಚಿತವಾಗಿ ಕೊಡುವುದು ಅದರ ಭಾಗ. ಆದ್ದರಿಂದ ಶಾಲೆ ಕೊಟ್ಟ ರೆಫರಲ್ ಚೀಟಿಯನ್ನು ಬಿಸಾಡಬೇಡಿ. ಡಾಕ್ಟರ ಬಳಿಗೆ ಎರಡೂ ವರ್ಷದ ಪತ್ರ, ಲಸಿಕೆ ಕಾರ್ಡ್, ಮನೆಯಲ್ಲಿ ಬರೆದಿಟ್ಟ ಊಟದ ಪಟ್ಟಿ ತೆಗೆದುಕೊಂಡು ಹೋಗಿ.

ಪೋಷಕರು ಕೇಳುವ ಪ್ರಶ್ನೆಗಳು

*ಪತ್ರದ ವಿಷಯ ಮಗುವಿಗೆ ಹೇಳಬೇಕೇ?*
ಹತ್ತು ವರ್ಷದ ಮಗು ಹೇಗೂ ಓದಿರುತ್ತದೆ. ‘ನಿನ್ನ ಎತ್ತರ, ತೂಕ ಇನ್ನೊಮ್ಮೆ ನೋಡ್ಬೇಕಂತೆ, ನಾನೂ ಬರ್ತೀನಿ’ ಎಂದರೆ ಸಾಕು. ‘ಡುಮ್ಮ’, ‘ಕಡ್ಡಿ’, ಮರಾಠಿಯ ‘ಜಾಡ್ಯಾ’ ಇಂಥ ಹೆಸರುಗಳು ಮನೆಯಿಂದಲೇ ಶುರುವಾದರೆ ಶಾಲೆಯಲ್ಲಿ ನಿಲ್ಲಿಸಲು ಆಗುವುದಿಲ್ಲ. ಹಾಗೆ ಕರೆಸಿಕೊಂಡ ಮಕ್ಕಳು ಆಟದಿಂದ ಹಿಂದೆ ಸರಿಯುತ್ತಾರೆ, ಕದ್ದು ತಿನ್ನುತ್ತಾರೆ. ಬದಲಾವಣೆ ಮಾಡುವುದಿದ್ದರೆ ಮನೆಯವರೆಲ್ಲರ ತಟ್ಟೆಯಲ್ಲೂ ಮಾಡಿ, ಒಂದೇ ಮಗುವಿಗೆ ಬೇರೆ ತಟ್ಟೆ ಬೇಡ.

*ತೂಕ ಇಳಿಸುವ ಪುಡಿ, ಮಾತ್ರೆ ಕೊಡಬಹುದೇ?*
ಬೇಡ. ಬೆಳೆಯುವ ಮಕ್ಕಳಿಗೆ ಡಾಕ್ಟರ ಸಲಹೆಯಿಲ್ಲದೆ ಯಾವುದನ್ನೂ ಕೊಡಬಾರದು.

*ಎಷ್ಟು ದಿನಕ್ಕೊಮ್ಮೆ ಅಳೆಯಬೇಕು?*
ಮೂರು ತಿಂಗಳಿಗೊಮ್ಮೆ ಸಾಕು. ವಾರ ವಾರ ತೂಗಿದರೆ ಕಾಣುವುದು ನೀರಿನ ಮತ್ತು ಊಟದ ಏರಿಳಿತ, ಬೆಳವಣಿಗೆಯಲ್ಲ. ಮಗುವಿನ ಗಮನವೂ ತೂಕದ ಯಂತ್ರದ ಮೇಲೆಯೇ ನಿಲ್ಲುತ್ತದೆ.

*ಪತ್ರ ಕಳೆದುಹೋಗಿದೆ, ಏನು ಮಾಡಲಿ?*
ಅಳತೆಗಳು ಶಾಲೆಯ ದಾಖಲೆಯಲ್ಲಿ ಇರುತ್ತವೆ. ದಿನಾಂಕ, ಎತ್ತರ, ತೂಕ ಈ ಮೂರನ್ನು ಕೇಳಿ ಬರೆದುಕೊಳ್ಳಿ. ಬಿಎಂಐಯನ್ನು ನೀವೇ ಲೆಕ್ಕ ಹಾಕಬಹುದು.